ಕಂದಕಗಳ ಯುದ್ಧ ನಿಂತಲ್ಲೇ ನಿಂತದ್ದೇಕೆ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಸೈನ್ಯಗಳು ವರ್ಷಗಟ್ಟಲೆ ಕಂದಕಗಳಲ್ಲೇ ಉಳಿದದ್ದು ಮಷಿನ್‌ಗನ್ನಿನಿಂದಾಗಿಯೇ? ಕೊನೆಗೆ ಅದನ್ನು ಮುರಿದದ್ದು ಟ್ಯಾಂಕುಗಳೇ?

ಉತ್ತರ: ಮಷಿನ್‌ಗನ್ನು, ಮುಳ್ಳುತಂತಿಗಳು ದಾಳಿಗೆ ಹೊರಟವರ ಪ್ರಾಣಹಾನಿಯನ್ನು ಬಹಳ ಹೆಚ್ಚಿಸಿದವು. ಆದರೂ ಶತ್ರುವಿನ ಮೊದಲ ಸಾಲಿನ ಕಂದಕವನ್ನು ಹಿಡಿಯುವುದು ಅಸಾಧ್ಯವಾಗಿರಲಿಲ್ಲ. ಹಿಡಿದ ಮೇಲೆ ಮುಂದೆ ಸಾಗಲಾಗುತ್ತಿರಲಿಲ್ಲ ಎಂಬುದೇ ನಿಜವಾದ ಕಗ್ಗಂಟು.

ಫ್ರಾನ್ಸಿನ ನವ್ ಶಪೆಲ್ ಕದನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1915ರ ಮಾರ್ಚ್ 10ರ ಬೆಳಿಗ್ಗೆ ಫಿರಂಗಿಗಳು 35 ನಿಮಿಷ ಗುಂಡು ಸುರಿಸಿದ ನಂತರ ಬ್ರಿಟಿಷ್ ಮತ್ತು ಭಾರತೀಯ ಪಡೆಗಳು ಮುನ್ನುಗ್ಗಿ, ಕೆಲವೇ ಗಂಟೆಗಳಲ್ಲಿ ಆ ಹಳ್ಳಿಯನ್ನು ವಶಪಡಿಸಿಕೊಂಡವು. ಆದರೆ ಸೈನಿಕನು ಹೊತ್ತು ಒಯ್ಯಬಹುದಾದ ವೈರ್‌ಲೆಸ್ ಆಗ ಇರಲಿಲ್ಲ. ಟೆಲಿಫೋನ್ ತಂತಿಗಳು ಗುಂಡಿನೇಟಿಗೆ ತುಂಡಾಗುತ್ತಿದ್ದವು. ಓಲೆಕಾರ ಓಡಿಬಂದು ಸುದ್ದಿ ಮುಟ್ಟಿಸಬೇಕಿತ್ತು. ಸೇನಾಧಿಕಾರಿಗಳು ಹಿಂದಿನಿಂದ ಪರಿಸ್ಥಿತಿಯನ್ನು ಅರಿತು ದಾಳಿಯನ್ನು ಮುಂದುವರಿಸುವಷ್ಟರಲ್ಲಿ ಸಂಜೆಗತ್ತಲು ಕವಿಯತೊಡಗಿತ್ತು, ಜರ್ಮನರು ಹಿಂದೆ ಹೊಸ ಸಾಲನ್ನು ಭದ್ರಪಡಿಸಿಕೊಂಡಿದ್ದರು. ರಕ್ಷಿಸುವವನ ಮೀಸಲು ಪಡೆ ರೈಲಿನಲ್ಲಿ ಬರುತ್ತಿತ್ತು, ದಾಳಿಕಾರ ಗುಂಡಿಬಿದ್ದ ನೆಲದಲ್ಲಿ ನಡೆದು ಹೋಗಬೇಕಿತ್ತು. ಮೂರು ದಿನಗಳ ಕದನದಲ್ಲಿ ಭಾರತೀಯರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು.

ಇದರಿಂದ ಸೇನಾಪತಿಗಳು ಕಲಿತ ಪಾಠ ತಪ್ಪಾಗಿತ್ತೆಂದೇ ನನ್ನ ಅಭಿಪ್ರಾಯ. ಇನ್ನೂ ಹೆಚ್ಚು ಗುಂಡು ಸುರಿದರೆ ಸಾಕೆಂದು ಅವರು ನಂಬಿದರು. 1916ರಲ್ಲಿ ಸೋಮ್ ನದಿಯ ಬಳಿ ಫಿರಂಗಿ ದಾಳಿ ಏಳು ದಿನ ನಡೆಯಿತು. ಜರ್ಮನರಿಗೆ ಅದೇ ಮುನ್ಸೂಚನೆಯಾಯಿತು. ನೆಲದಾಳದ ಅಡಗುತಾಣಗಳಲ್ಲಿದ್ದವರು ಬದುಕುಳಿದು ಜುಲೈ 1ರಂದು ಮಷಿನ್‌ಗನ್ನುಗಳೊಂದಿಗೆ ಮೇಲೆ ಬಂದರು. ಆ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು.

ಪರಿಹಾರದ ಬಹುಪಾಲು ಬಂದದ್ದು ಫಿರಂಗಿಯ ಲೆಕ್ಕಾಚಾರದಿಂದ. ಹಿಂದೆ ಪ್ರತಿ ಫಿರಂಗಿಯೂ ಮೊದಲು ಪರೀಕ್ಷಾರ್ಥ ಗುಂಡು ಹಾರಿಸಿ ಗುರಿ ಸರಿಪಡಿಸಿಕೊಳ್ಳಬೇಕಿತ್ತು, ಅದರಿಂದ ದಾಳಿಯ ಗುಟ್ಟು ರಟ್ಟಾಗುತ್ತಿತ್ತು. 1917ರ ಕೊನೆಯ ಹೊತ್ತಿಗೆ ನಿಖರ ನಕ್ಷೆ, ಗಾಳಿ ಮತ್ತು ತಾಪಮಾನದ ಅಳತೆ, ಪ್ರತಿ ನಳಿಗೆಯ ಸವೆತದ ಲೆಕ್ಕ ಇವುಗಳಿಂದ ಮೊದಲ ಗುಂಡನ್ನೇ ಗುರಿಯತ್ತ ಹಾರಿಸಬಹುದಾಯಿತು. ಸಾಲಾಗಿ ಇಟ್ಟ ಮೈಕ್ರೊಫೋನುಗಳಿಗೆ ಶತ್ರು ಫಿರಂಗಿಯ ಸದ್ದು ತಲುಪುವ ಸಮಯದ ವ್ಯತ್ಯಾಸದಿಂದ ಅದರ ಜಾಗವನ್ನೂ ಪತ್ತೆಹಚ್ಚುತ್ತಿದ್ದರು.

1918ರ ಆಗಸ್ಟ್ 8ರಂದು ಫ್ರಾನ್ಸಿನ ಅಮಿಯಾಂ ನಗರದ ಬಳಿ ಮುನ್ಸೂಚನೆಯೇ ಇಲ್ಲದೆ ಬ್ರಿಟನ್, ಫ್ರಾನ್ಸ್ ಮುಂತಾದ ಮಿತ್ರಪಡೆಗಳ ದಾಳಿ ಆರಂಭವಾಯಿತು. ಎದುರಿಗಿದ್ದ ಸುಮಾರು 530 ಜರ್ಮನ್ ಫಿರಂಗಿಗಳಲ್ಲಿ 504ರ ಜಾಗ ಮೊದಲೇ ಗೊತ್ತಿತ್ತು. ಟ್ಯಾಂಕು, ವಿಮಾನ, ಕಾಲಾಳುಗಳು ಒಟ್ಟಾಗಿ ಕೆಲವೆಡೆ 10 ಕಿಲೋಮೀಟರಿಗೂ ಹೆಚ್ಚು ಮುಂದೆ ಸಾಗಿದವು. ಟ್ಯಾಂಕುಗಳ ಪಾತ್ರ ದೊಡ್ಡದೇ. ಆದರೆ ಐನೂರಕ್ಕೂ ಹೆಚ್ಚು ಟ್ಯಾಂಕುಗಳಲ್ಲಿ ನಾಲ್ಕನೆಯ ದಿನಕ್ಕೆ ಓಡುವ ಸ್ಥಿತಿಯಲ್ಲಿದ್ದವು ನಲವತ್ತಕ್ಕಿಂತ ಕಡಿಮೆ.

ಇಲ್ಲಿ ಮಾಡಿದ ಜಾಣ ಕೆಲಸವೆಂದರೆ, ಗತಿ ಕುಂದಿದೊಡನೆ ದಾಳಿಯನ್ನು ನಿಲ್ಲಿಸಿ, ಆಗಸ್ಟ್ 21ರಂದು ಉತ್ತರಕ್ಕೆ ಆಲ್ಬೆರ್ ಬಳಿ ಹೊಸದಾಗಿ ಹೊಡೆದದ್ದು. ಹೀಗೆ ಜಾಗ ಬದಲಿಸುತ್ತ ಹೊಡೆದಾಗ ಜರ್ಮನ್ ಮೀಸಲು ಪಡೆಗಳು ಅತ್ತಿಂದಿತ್ತ ಓಡಾಡಿಯೇ ದಣಿದವು. ಮಾರ್ಚ್‌ನಿಂದ ಜುಲೈವರೆಗಿನ ತನ್ನದೇ ದಾಳಿಗಳಲ್ಲಿ ಜರ್ಮನಿ ಉತ್ತಮ ಸೈನಿಕರನ್ನು ಕಳೆದುಕೊಂಡಿತ್ತು. ಎದುರು ಪಕ್ಷಕ್ಕಾದರೋ ಅಮೆರಿಕನ್ನರು ಬಂದು ಸೇರುತ್ತಿದ್ದರು. ಸೆಪ್ಟೆಂಬರ್ 26ರಿಂದ 29ರವರೆಗೆ ಮಿತ್ರಪಡೆಗಳು ದಿನಕ್ಕೊಂದೆಡೆಯಂತೆ ನಾಲ್ಕು ಕಡೆ ದಾಳಿ ಮಾಡಿದವು. 29ರಂದೇ ಜರ್ಮನ್ ಸೇನೆಯನ್ನು ನಡೆಸುತ್ತಿದ್ದ ಹಿಂಡೆನ್‌ಬರ್ಗ್ ಮತ್ತು ಲುಡೆನ್‌ಡಾರ್ಫ್, ಕದನವಿರಾಮ ಕೇಳದೆ ಬೇರೆ ದಾರಿಯಿಲ್ಲವೆಂದು ಜರ್ಮನ್ ಚಕ್ರವರ್ತಿ ಕೈಸರನಿಗೆ ತಿಳಿಸಿದರು.