ಒತ್ತಿ ಹೇಳುವ ‘ಡು’: ಗೈಡು ಹೇಳುವುದು, ವ್ಯಾಕರಣ ಹೇಳುವುದು

ಪ್ರಶ್ನೆ: ಮಗಳು ತೀರ್ಥಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ವಾಕ್ಯಗಳನ್ನು ಒತ್ತು ಕೊಟ್ಟು ತಿರುಗಿ ಬರೆಯುವ ಅಭ್ಯಾಸದಲ್ಲಿ ‘ಐ ಡಿಡ್ ಟೋಲ್ಡ್ ಯು’, ‘ಹಿ ಡಸ್ ಈಸ್ ಆನೆಸ್ಟ್’ ಎಂದು ಬರೆದಳು. ಎರಡಕ್ಕೂ ತಪ್ಪು ಹಾಕಿದ್ದಾರೆ. ಕರ್ತೃವಿನ ನಂತರ ಡು, ಡಸ್, ಡಿಡ್ ಸೇರಿಸಿದರೆ ಸಾಕು ಎಂದು ಗೈಡಿನಲ್ಲಿ ಇದೆಯಲ್ಲ ಸರ್, ಮತ್ತೆ ತಪ್ಪು ಎಲ್ಲಿ?

ಉತ್ತರ: ತಪ್ಪು ಗೈಡಿನಲ್ಲೇ ಇದೆ. ಪರೀಕ್ಷೆ ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ನನಗೆ ಬರುತ್ತದೆ, ಮತ್ತು ಪ್ರತಿ ಸಲವೂ ಅದರ ಹಿಂದೆ ಇಂಥದೊಂದು ಅರ್ಧ ನಿಯಮ ಇರುತ್ತದೆ. ‘ಸೇರಿಸಿದರೆ ಸಾಕು’ ಎಂದು ಹೇಳಿದವರು, ಸೇರಿಸಿದ ಮೇಲೆ ಮುಖ್ಯ ಕ್ರಿಯಾಪದ ಏನಾಗುತ್ತದೆ ಎಂಬುದನ್ನೂ, ಯಾವ ವಾಕ್ಯಕ್ಕೆ ಸೇರಿಸಲೇಬಾರದು ಎಂಬುದನ್ನೂ ಹೇಳದೆ ಬಿಟ್ಟಿದ್ದಾರೆ. ಇಡೀ ವಿಷಯ ಇರುವುದೇ ಈ ಎರಡರಲ್ಲಿ.

ಮಗಳಿಗೆ ಒಂದೇ ಕ್ರಮ ಕಲಿಸಿ. ಕೊಟ್ಟ ವಾಕ್ಯವನ್ನು ಮೊದಲು ‘ನಾಟ್’ ಇರುವ ನಿಷೇಧ ವಾಕ್ಯವಾಗಿ ಬರೆಯಲಿ, ಆಮೇಲೆ ಆ ‘ನಾಟ್’ ಒಂದನ್ನು ಮಾತ್ರ ಹೊಡೆದು ಹಾಕಲಿ. ‘ಐ ಟೋಲ್ಡ್ ಯು’ ಎಂಬುದರ ನಿಷೇಧ ರೂಪ ‘ಐ ಡಿಡ್ ನಾಟ್ ಟೆಲ್ ಯು’. ಅದರಿಂದ ‘ನಾಟ್’ ತೆಗೆದರೆ ‘ಐ ಡಿಡ್ ಟೆಲ್ ಯು’ ಉಳಿಯುತ್ತದೆ, ಅದೇ ಸರಿಯುತ್ತರ. ಭೂತಕಾಲದ ಗುರುತನ್ನು ‘ಡಿಡ್’ ತೆಗೆದುಕೊಂಡುಬಿಟ್ಟಿರುವುದರಿಂದ ‘ಟೋಲ್ಡ್’ ಮೂಲರೂಪವಾದ ‘ಟೆಲ್’ಗೆ ಮರಳಿದೆ. ಒಂದು ವಾಕ್ಯದಲ್ಲಿ ಆ ಗುರುತು ಎರಡು ಕಡೆ ಇರಲಾರದು. ‘ಶಿ ಲೈಕ್ಸ್ ಕಾಫಿ’ ಎಂಬುದು ‘ಶಿ ಡಸ್ ಲೈಕ್ ಕಾಫಿ’ ಆಗುವಾಗ ‘ಲೈಕ್ಸ್’ನ ಕೊನೆಯ ‘ಎಸ್’ ಬಿದ್ದುಹೋಗುವುದೂ ಇದೇ ಕಾರಣಕ್ಕೆ.

ಇನ್ನು ಎರಡನೆಯ ವಾಕ್ಯ. ‘ಹಿ ಈಸ್ ಆನೆಸ್ಟ್’ ಎಂಬುದರ ನಿಷೇಧ ರೂಪ ‘ಹಿ ಈಸ್ ನಾಟ್ ಆನೆಸ್ಟ್’. ಇಲ್ಲಿ ‘ಡಸ್’ ಬರಲೇ ಇಲ್ಲ, ಆದ್ದರಿಂದ ಒತ್ತಿ ಹೇಳುವಾಗಲೂ ಅದು ಬರುವುದಿಲ್ಲ. ಮಾತಿನಲ್ಲಿ ‘ಈಸ್’ ಎಂಬುದನ್ನೇ ಏರುದನಿಯಲ್ಲಿ ಹೇಳಬೇಕು. ಬರೆಯುವಾಗ ಅದರ ಕೆಳಗೆ ಗೆರೆ ಎಳೆಯಬಹುದು, ಇಲ್ಲವೇ ‘ಹಿ ಈಸ್ ಇಂಡೀಡ್ ಆನೆಸ್ಟ್’ ಎನ್ನಬಹುದು. ವಿಲ್, ಕ್ಯಾನ್, ವಾಸ್ ಮೊದಲಾದ ಸಹಾಯಕಗಳು ಈಗಾಗಲೇ ಇರುವ ವಾಕ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಹಾಗಾಗಿ ‘ದ ಲೆಟರ್ ವಾಸ್ ಸೆಂಟ್’ ಎಂಬಂಥ ಕರ್ಮಣಿ ವಾಕ್ಯಕ್ಕೆ ‘ಡಿಡ್’ ತಗುಲಿಸುವ ಪ್ರಶ್ನೆಯೇ ಇಲ್ಲ.

ಮಕ್ಕಳು ನಿಜವಾಗಿ ಎಡವುವುದು ‘ಹ್ಯಾವ್’ ಮತ್ತು ‘ಪುಟ್’ ಬಂದಾಗ. ‘ಶಿ ಹ್ಯಾಸ್ ಗಾನ್ ಟು ಸಾಗರ’ ಎಂಬಲ್ಲಿ ‘ಹ್ಯಾಸ್’ ಬರೀ ಸಹಾಯಕ. ನಿಷೇಧದಲ್ಲಿ ‘ಹ್ಯಾಸ್ ನಾಟ್ ಗಾನ್’ ಆಗುತ್ತದೆ, ‘ಡಸ್’ ಬೇಡ. ‘ಶಿ ಹ್ಯಾಸ್ ಎ ಫೀವರ್’ ಎಂಬಲ್ಲಿ ಅದೇ ‘ಹ್ಯಾಸ್’ ಮುಖ್ಯ ಕ್ರಿಯಾಪದ. ನಿಷೇಧದಲ್ಲಿ ‘ಡಸ್ ನಾಟ್ ಹ್ಯಾವ್’ ಆಗುತ್ತದೆ, ಆದ್ದರಿಂದ ‘ಶಿ ಡಸ್ ಹ್ಯಾವ್ ಎ ಫೀವರ್’ ಎಂದು ಬರೆಯಬೇಕು. ಒಂದೇ ಪದ ಎರಡು ಕೆಲಸ ಮಾಡುವುದನ್ನು ಕಣ್ಣಿನಿಂದ ಗುರುತಿಸುವುದು ಮಕ್ಕಳಿಗೆ ಕಷ್ಟ, ಆದರೆ ‘ನಾಟ್’ ಹಾಕಿ ನೋಡಿದರೆ ಅದು ತಾನಾಗಿ ಬೇರೆಯಾಗುತ್ತದೆ.

‘ಪುಟ್’, ‘ಕಟ್’, ‘ರೀಡ್’ ಇವುಗಳ ವರ್ತಮಾನ ಮತ್ತು ಭೂತಕಾಲದ ಕಾಗುಣಿತ ಒಂದೇ ಆಗಿರುವುದರಿಂದ ಇಲ್ಲಿ ಇನ್ನೊಂದು ಎಚ್ಚರ ಬೇಕು. ‘ಹಿ ಪುಟ್ ದ ಬ್ಯಾಗ್ ಇನ್ ದ ಬಸ್’ ಎಂದು ಕೊಟ್ಟಿದ್ದರೆ ‘ಡಸ್’ ಹಾಕಬೇಕೋ ‘ಡಿಡ್’ ಹಾಕಬೇಕೋ? ವರ್ತಮಾನವಾಗಿದ್ದರೆ ‘ಹಿ’ ಜೊತೆಗೆ ‘ಪುಟ್ಸ್’ ಇರಬೇಕಿತ್ತು. ‘ಎಸ್’ ಇಲ್ಲದಿರುವುದರಿಂದ ಅದು ಭೂತಕಾಲವೇ, ಉತ್ತರ ‘ಹಿ ಡಿಡ್ ಪುಟ್’. ಅದೇ ‘ಐ ಪುಟ್’ ಎಂದಿದ್ದರೆ ಈ ಸುಳಿವು ಸಿಗುವುದಿಲ್ಲ, ‘ಯೆಸ್ಟರ್‌ಡೇ’ಯಂಥ ಕಾಲವಾಚಕ ಇದೆಯೇ ಎಂದು ಹುಡುಕಬೇಕು. ಇನ್ನು ‘ಹಿ ಡಿಡ್ ಹಿಸ್ ಹೋಮ್‌ವರ್ಕ್’ ಎಂಬಲ್ಲಿ ‘ಡಿಡ್’ ಮೊದಲೇ ಇದೆ ಎಂದು ವಾಕ್ಯವನ್ನು ಹಾಗೇ ಬಿಟ್ಟುಬರುವವರಿದ್ದಾರೆ. ಅಲ್ಲಿ ಅದು ಮುಖ್ಯ ಕ್ರಿಯಾಪದ, ಉತ್ತರ ‘ಹಿ ಡಿಡ್ ಡು ಹಿಸ್ ಹೋಮ್‌ವರ್ಕ್’.

ಆಜ್ಞಾರ್ಥಕ ವಾಕ್ಯಗಳಿಗೂ ಈ ಕ್ರಮವೇ ಸಾಕು. ‘ಸಿಟ್ ಡೌನ್’ ಎಂಬುದಕ್ಕೆ ‘ಡು ನಾಟ್ ಸಿಟ್ ಡೌನ್’, ಅದರಿಂದ ‘ಡು ಸಿಟ್ ಡೌನ್’. ಹೇಳಿಕೆಯಲ್ಲಿ ‘ಡು’ವನ್ನು ಹತ್ತಿರ ಸೇರಿಸದ ‘ಬಿ’ ಕ್ರಿಯಾಪದ ಆಜ್ಞೆಯಲ್ಲಿ ಮಾತ್ರ ಅದನ್ನು ಒಪ್ಪಿಕೊಳ್ಳುತ್ತದೆ: ‘ಬಿ ಕೇರ್‌ಫುಲ್’ ಎಂಬುದು ‘ಡು ಬಿ ಕೇರ್‌ಫುಲ್’ ಆಗುತ್ತದೆ. ಅದರ ನಿಷೇಧ ರೂಪ ‘ಡು ನಾಟ್ ಬಿ’ ಎಂದೇ ಇರುವುದರಿಂದ ಇದನ್ನು ಬೇರೆ ನಿಯಮವೆಂದು ಬಾಯಿಪಾಠ ಮಾಡಿಸಬೇಕಾಗಿಲ್ಲ. ಆಜ್ಞೆಯಲ್ಲಿ ಕರ್ತೃ ಯಾರೇ ಆಗಿರಲಿ, ಡಸ್ ಮತ್ತು ಡಿಡ್ ಬರುವುದಿಲ್ಲ.

ಅಭ್ಯಾಸ ಪುಸ್ತಕಗಳ ಮೇಲೂ ನನಗೆ ಒಂದು ದೂರಿದೆ. ಒಂಟಿ ವಾಕ್ಯ ಕೊಟ್ಟು ‘ಒತ್ತಿ ಬರೆಯಿರಿ’ ಎಂದರೆ, ಯಾಕೆ ಒತ್ತಬೇಕು ಎಂಬುದು ಮಗುವಿಗೆ ತಿಳಿಯುವುದೇ ಇಲ್ಲ. ಈ ‘ಡು’ ಬರುವುದು ಸಾಮಾನ್ಯವಾಗಿ ಎದುರಿನವರು ಅಲ್ಲಗಳೆದಾಗ, ಅನುಮಾನಪಟ್ಟಾಗ, ಇಲ್ಲವೇ ಹಿಂದಿನ ಮಾತಿಗೆ ವಿರುದ್ಧವಾದದ್ದನ್ನು ಹೇಳುವಾಗ. ಶಿವಮೊಗ್ಗದ ಬಸ್ಸು ತಪ್ಪಿಸಿಕೊಂಡ ಅಣ್ಣ ‘ಬಸ್ಸು ಆರಕ್ಕೇ ಹೊರಡ್ತದೆ ಅಂತ ನೀನು ಹೇಳ್ಲೇ ಇಲ್ವಲ್ಲ’ ಎಂದು ತಂಗಿಯ ಮೇಲೆ ರೇಗುತ್ತಾನೆ ಎಂದಿಟ್ಟುಕೊಳ್ಳಿ. ‘ಹೇಳಿದ್ನಲ್ಲ ಮಾರಾಯ, ನೀನೇ ಕೇಳಿಸ್ಕೊಳ್ಲಿಲ್ಲ’ ಎಂದು ಅವಳು ತಿರುಗಿ ಹೇಳುವಾಗ ಬರುವ ಒತ್ತೇ ‘ಐ ಡಿಡ್ ಟೆಲ್ ಯು’ ಎಂಬುದರಲ್ಲಿರುವ ಒತ್ತು. ಅಣ್ಣ ಅಲ್ಲಗಳೆಯದೆ, ‘ಬಸ್ಸಿನ ವಿಷಯ ನಿಂಗೆ ಯಾರು ಹೇಳಿದ್ದು’ ಎಂದು ಅಮ್ಮ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರೆ ‘ಶಿ ಟೋಲ್ಡ್ ಮಿ’ ಎಂದರೆ ಸಾಕು. ಅಲ್ಲಿ ‘ಶಿ ಡಿಡ್ ಟೆಲ್ ಮಿ’ ಎಂದರೆ, ಇಲ್ಲದ ಜಗಳಕ್ಕೆ ಉತ್ತರ ಕೊಟ್ಟಂತೆ ಕೇಳಿಸುತ್ತದೆ. ರಜಾ ಅರ್ಜಿಯಲ್ಲಿ ‘ಐ ಡು ರಿಕ್ವೆಸ್ಟ್ ಯು’ ಎಂದು ಬರೆಯಿಸುವ ಟ್ಯೂಷನ್‌ನವರು ಇದನ್ನು ಗಮನಿಸಬೇಕು: ನೀವು ಕೋರುತ್ತಿಲ್ಲ ಎಂದು ಯಾರೂ ಹೇಳಿರುವುದಿಲ್ಲ, ಆದ್ದರಿಂದ ಅಲ್ಲಿ ‘ಡು’ ವ್ಯರ್ಥ. ಮನೆಯಲ್ಲಿ ಮಗಳಿಗೆ ಅಭ್ಯಾಸ ಮಾಡಿಸುವಾಗ ವಾಕ್ಯ ಕೊಡುವ ಮೊದಲು ಅದನ್ನು ಅಲ್ಲಗಳೆಯುವ ಒಂದು ಮಾತನ್ನು ನೀವೇ ಹೇಳಿ, ಉತ್ತರವನ್ನು ಅವಳು ಬಾಯಲ್ಲಿ ಹೇಳಿ ಆಮೇಲೆ ಬರೆಯಲಿ.

ಪ್ರಶ್ನೆ: ‘ಡು ಕಮ್ ಇನ್’ ಎಂದರೆ ಮರ್ಯಾದೆಯೋ, ದಬಾಯಿಸುವುದೋ? (ಹೊಸನಗರ)

ಉತ್ತರ: ಮನೆಗೆ ಬಂದವರಿಗೆ ಹೇಳಿದರೆ ಅದು ಆದರದ ಒತ್ತಾಯ, ಆದರೆ ‘ಡು ಬಿ ಕ್ವಯಟ್’ ಎಂಬುದರಲ್ಲಿ ಬೇಸರವೇ ಎದ್ದು ಕಾಣುತ್ತದೆ. ಆಜ್ಞೆಯಲ್ಲಿ ಮೊದಲೇ ಇರುವ ಭಾವವನ್ನು ‘ಡು’ ಹೆಚ್ಚಿಸುತ್ತದೆ, ಹೊಸದಾಗಿ ವಿನಯವನ್ನು ತಂದುಕೊಡುವುದಿಲ್ಲ. ಹೆಡ್‌ಮಾಸ್ಟರರ ಮುಂದೆ ಕಾಗದ ಹಿಡಿದು ‘ಡು ಸೈನ್’ ಎನ್ನಬೇಡಿ, ‘ಕುಡ್ ಯು ಪ್ಲೀಸ್ ಸೈನ್’ ಎನ್ನಿ.

ಪ್ರಶ್ನೆ: ಒತ್ತಿ ಹೇಳಲು ‘ಐ ಯಾಮ್ ಡು ಅಗ್ರೀ’ ಎನ್ನಬಹುದೇ? (ಭದ್ರಾವತಿ)

ಉತ್ತರ: ಎಂದಿಗೂ ಕೂಡದು, ‘ಐ ಡು ಅಗ್ರೀ’ ಎಂದಷ್ಟೇ ಹೇಳಿ.

ಪ್ರಶ್ನೆ: ‘ಡು ನಾಟ್ ಗೋ’ ಎಂಬಲ್ಲಿಯೂ ಒತ್ತಿನ ‘ಡು’ ಇದೆ ಎಂದು ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದಾರೆ. ಸರಿಯೇ? (ಶಿಕಾರಿಪುರ)

ಉತ್ತರ: ಸರಿಯಲ್ಲ, ನಿಷೇಧಕ್ಕೆ ಸಹಾಯಕ ಬೇಕಾದ್ದರಿಂದ ಮಾತ್ರ ಆ ‘ಡು’ ಅಲ್ಲಿದೆ, ಹಾಗೆ ಕಲಿಸುವವರ ಹತ್ತಿರ ವ್ಯಾಕರಣ ಕಲಿಯಬೇಡಿ.

ಪ್ರಶ್ನೆ: ಅಫಿಡವಿಟ್‌ನಲ್ಲಿ ‘ಐ ಡು ಹಿಯರ್‌ಬೈ ಸಾಲೆಮ್ನ್‌ಲಿ ಅಫರ್ಮ್’ ಎಂದು ಬರೆಯುತ್ತಾರೆ. ಅದೂ ಇದೇ ‘ಡು’ ತಾನೇ? (ಸಾಗರ)

ಉತ್ತರ: ಯಾರೋ ಅಲ್ಲಗಳೆದದ್ದಕ್ಕೆ ಕೊಟ್ಟ ಉತ್ತರ ಅದಲ್ಲ. ಹೇಳಿಕೆಗಳಲ್ಲಿ ಒತ್ತಿಲ್ಲದೆಯೂ ‘ಡು’ ಬಳಸುತ್ತಿದ್ದ ಹಳೆಯ ಇಂಗ್ಲಿಷಿನ ರೂಢಿ ಕಾನೂನಿನ ಭಾಷೆಯಲ್ಲಿ ಹಾಗೆಯೇ ಉಳಿದುಕೊಂಡಿದೆ, ನಮ್ಮ ಸಂವಿಧಾನದ ಮೂರನೇ ಅನುಸೂಚಿಯ ಪ್ರಮಾಣವಚನದ ಇಂಗ್ಲಿಷ್ ಪಾಠದಲ್ಲಿಯೂ ‘ಡು ಸ್ವೇರ್’ ಎಂದೇ ಇದೆ. ನೋಟರಿಯ ಕಾಗದದಲ್ಲಿ ಅದನ್ನು ಇದ್ದ ಹಾಗೆ ಬಿಡಿ, ಶಾಲೆಯ ಅಭ್ಯಾಸಕ್ಕೆ ಮಾದರಿಯಾಗಿ ತೆಗೆದುಕೊಳ್ಳಬೇಡಿ.