ನಮ್ ಟೀಮಲ್ಲಿ ಒಬ್ರ ತಂದೆ ತೀರ್ಕೊಂಡಿದ್ದಾರೆ, ಶುಕ್ರವಾರ ರಿಲೀಸ್ ಇದೆ. ಸಂತಾಪ, ಕೆಲಸ ಎರಡನ್ನೂ ಬ್ಯಾಲೆನ್ಸ್ ಮಾಡಿ ಟೀಮ್‌ಗೆ ಒಂದು ಮೆಸೇಜ್ ಹೇಗೆ ಬರೀಲಿ?

ಒಂದೇ ಮೆಸೇಜ್ ಬರೀಬೇಡಿ. ನಾನು ಬರ್ದಿದ್ದೆ, ಅದೂ ಇಂಥದ್ದೇ ಒಂದು ರಿಲೀಸ್ ವಾರದಲ್ಲಿ. ಹಾಸನದ ಕಡೆ ಹುಡುಗ, ರಾತ್ರಿ ಅಪ್ಪ ಹೋದ್ರು ಅಂತ ಫೋನ್ ಬಂದ ತಕ್ಷಣ ಊರಿಗೆ ಹೊರಟುಬಿಟ್ಟ. ಬೆಳಗ್ಗೆ ನಾನು ಟೀಮ್ ಗ್ರೂಪಲ್ಲಿ ಮೇಲೆ ಎರಡು ಸಾಲು ಸಂತಾಪ ಬರ್ದೆ, ಕೆಳಗೆ ಅವನ ಹೆಸರಲ್ಲಿದ್ದ ಆರು ಟಿಕೆಟ್ ಯಾರ್‌ಯಾರಿಗೆ ಅಂತ ಪಟ್ಟಿ ಹಾಕ್ದೆ, ಕೊನೇಲಿ "ಸೋಮವಾರ ವಾಪಸ್ ಬರ್ತಾರೆ" ಅಂದೆ. ಆ ಗ್ರೂಪಲ್ಲಿ ಅವನೂ ಇದ್ದಾನೆ ಅನ್ನೋದು ನನ್ನ ತಲೆಗೇ ಹೋಗ್ಲಿಲ್ಲ. ಎಲ್ರೂ ಕೈ ಮುಗಿಯೋ ಇಮೋಜಿ ಹಾಕ್ತಾ ಇದ್ರು, ಅದರ ಮಧ್ಯೆ ಒಬ್ರು ಸರ್ವರ್ ಪಾಸ್‌ವರ್ಡ್ ಎಲ್ಲಿದೆ ಅಂತ ಕೇಳಿದ್ರು, 11:40ಕ್ಕೆ ಅವನದೇ ಉತ್ತರ ಬಂತು: "ಸರ್, ಸ್ಮಶಾನದಲ್ಲಿದೀನಿ, ಮನೆಗೆ ಹೋಗಿ ಕಳಿಸ್ತೀನಿ."

ಆ ಸಾಲು ಓದಿ ಕೈಕಾಲೇ ಆಡ್ಲಿಲ್ಲ ನಂಗೆ. ನಾನು ಬರ್ದ ಎರಡು ಸಾಲು ಸಂತಾಪ ಅವನಿಗೆ ಕಾಣಿಸ್ಲೇ ಇಲ್ಲ, ಕೆಳಗಿದ್ದ ಪಟ್ಟಿ ಮಾತ್ರ ಕಾಣಿಸ್ತು. ಯಾರಿಗಾದ್ರೂ ಹಾಗೇ ಆಗುತ್ತೆ. ಸೋಮವಾರ ಅಂದಿದ್ದೂ ತಪ್ಪೇ, ಕಂಪನಿ ಕೊಡೋ ಮೂರು ದಿನ ರಜಾ ಲೆಕ್ಕ ಹಾಕಿ ಹೇಳ್ಬಿಟ್ಟಿದ್ದೆ. ಅವನು ಹಿರಿಮಗ, ಕ್ರಿಯೆ ಮಾಡೋನು. ಮೂರನೇ ದಿನ ಹಾಲುತುಪ್ಪ, 11ನೇ ದಿನ ತಿಥಿ, ಅದು ಮುಗಿಯೋವರೆಗೂ ಊರು ಬಿಡೋ ಹಾಗಿಲ್ಲ. ಕೆಲವರಲ್ಲಿ 13ನೇ ದಿನ ವೈಕುಂಠ ಸಮಾರಾಧನೆವರೆಗೂ ಇರುತ್ತೆ. ಅದಕ್ಕೇ ವಾಪಸ್ ಬರೋ ದಿನ ನೀವು ಬರೀಲೇಬೇಡಿ, ಒಳಗೊಳಗೇ ಎರಡು ವಾರ ಇಲ್ಲ ಅಂತಾನೇ ಪ್ಲಾನ್ ಮಾಡ್ಕೊಳಿ.

ಈಗ ನಾನು ಹೀಗೆ ಮಾಡ್ತೀನಿ. ಅವರ ಜೊತೆ ಹತ್ತಿರ ಇರೋ ಒಬ್ರಿಂದ ಎಲ್ರಿಗೂ ಹೇಳ್ಬೋದಾ ಅಂತ ಕೇಳಿಸಿ, ಆಮೇಲೆ ಟೀಮ್ ಗ್ರೂಪಲ್ಲಿ ಇಷ್ಟೇ ಹಾಕ್ತೀನಿ: "ಇವರ ತಂದೆಯವರು ನಿನ್ನೆ ರಾತ್ರಿ ತೀರ್ಕೊಂಡ್ರು. ಅಂತ್ಯಕ್ರಿಯೆ ಊರಲ್ಲೇ, ಇವತ್ತು ಮಧ್ಯಾಹ್ನ. ಫೋನ್ ಮಾಡ್ಬೇಡಿ, ಮೆಸೇಜ್ ಸಾಕು, ಉತ್ತರಕ್ಕೆ ಕಾಯ್ಬೇಡಿ." ಹೇಗೆ ತೀರ್ಕೊಂಡ್ರು ಅಂತ ಬರೆಯಲ್ಲ. ಕೆಲಸದ ಮಾತು ಅವರಿಲ್ಲದ ಬೇರೆ ಗ್ರೂಪಲ್ಲಿ, ಒಂದೆರಡು ಗಂಟೆ ಬಿಟ್ಟು: "ರಿಪೋರ್ಟ್ ಕೆಲಸ ನೀವು ನೋಡ್ಕೊಳಿ, ಕ್ಲೈಂಟ್ ಕಾಲ್ ನಂದು. ಅವರಿಗೊಬ್ರಿಗೇ ಗೊತ್ತಿರೋದು ಏನಾದ್ರೂ ಬೇಕಾದ್ರೆ ನಂಗೆ ಹೇಳಿ, ಅವರನ್ನ ನೇರವಾಗಿ ಕೇಳ್ಬೇಡಿ." ಅವತ್ತಿನ ಪಾಸ್‌ವರ್ಡ್ ಇನ್ಫ್ರಾ ಟೀಮ್‌ನೋರು ಹತ್ತೇ ನಿಮಿಷದಲ್ಲಿ ರೀಸೆಟ್ ಮಾಡಿಕೊಟ್ರು, ಅವನನ್ನ ಕೇಳೋ ಅಗತ್ಯವೇ ಇರ್ಲಿಲ್ಲ.

ಇನ್ನು ನಿಮ್ಮ ರಿಲೀಸ್. ಶುಕ್ರವಾರವೇ ಆಗ್ಬೇಕಾ ಅಂತ ಕ್ಲೈಂಟನ್ನ ಇವತ್ತೇ ಕೇಳಿ. ನಾನು ಹೆದರ್ಕೊಂಡು ಗುರುವಾರ ಸಂಜೆವರೆಗೂ ಕೇಳಿರ್ಲಿಲ್ಲ, ಕೇಳಿದ್ಮೇಲೆ ಅವರು ಕಾರಣ ಕೂಡ ಕೆದಕದೆ ಒಂದು ವಾರ ಮುಂದೆ ಹಾಕಿದ್ರು.