ಸುಕನ್ಯಾ ಪಾಸ್‌ಬುಕ್‌ನಲ್ಲಿ ಮೊದಲು ತಾರೀಖು ನೋಡಿ

"ಮಗಳ ಸುಕನ್ಯಾ ಸಮೃದ್ಧಿ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿಕೊಂಡು ಬಂದೆ. ನಾನು ಲೆಕ್ಕ ಹಾಕಿದ್ದಕ್ಕಿಂತ ಬಡ್ಡಿ ಕಡಿಮೆ ಇದೆ. ಎಲ್ಲಿ ತಪ್ಪಾಗಿರಬಹುದು? 21 ವರ್ಷವೂ ಕಟ್ಟಲೇಬೇಕಾ?"

ನೀವು ಯಾವ ತಾರೀಖಿಗೆ ಕಟ್ಟಿದ್ದೀರಿ ಅನ್ನೋದನ್ನು ಮೊದಲು ನೋಡಿ. ಈ ಖಾತೆಯಲ್ಲಿ ತಿಂಗಳ 5ನೇ ತಾರೀಖಿನ ಕೊನೆಯಿಂದ ತಿಂಗಳ ಕೊನೆಯವರೆಗೆ ಇರುವ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ. 6ಕ್ಕೆ ಕಟ್ಟಿದರೆ ಆ ತಿಂಗಳು ಆ ದುಡ್ಡು ಸುಮ್ನೆ ಕೂತ ಹಾಗೆ.

ನನ್ನ ಮಗಳ ಖಾತೆಯಲ್ಲೂ ಹೀಗೇ ಆಯಿತು. 2024ರ ಏಪ್ರಿಲ್ 1ಕ್ಕೆ 3 ಲಕ್ಷ ಇತ್ತು. 3ನೇ ತಾರೀಖು 60,000 ರೂಪಾಯಿ ಚೆಕ್ ಕೊಟ್ಟೆ. ಆ ವರ್ಷ ಪೂರ್ತಿ ದರ 8.2%. ಹಾಗಾಗಿ 3,60,000ಕ್ಕೆ 29,520 ಬರಬೇಕು ಅಂದುಕೊಂಡಿದ್ದೆ. ಮಾರ್ಚ್ 31ರ ಸಾಲಿನಲ್ಲಿ ಇದ್ದದ್ದು 29,110. ಕೌಂಟರ್‌ಗೆ ಹೋಗಿ ಜಗಳ ಆಡೋದೊಂದೇ ಬಾಕಿ! ಆಮೇಲೆ ನೋಡಿದರೆ ಪಾಸ್‌ಬುಕ್‌ನಲ್ಲಿ ಜಮಾ ತಾರೀಖು ಏಪ್ರಿಲ್ 8. ಚೆಕ್ ಆದರೆ ಕೊಟ್ಟ ದಿನ ಅಲ್ಲ, ಪಾಸಾದ ದಿನವೇ ಲೆಕ್ಕ. 60,000ಕ್ಕೆ ಒಂದು ತಿಂಗಳ ಬಡ್ಡಿ 410 ಹೋಯಿತು, ಅಷ್ಟೇ ವ್ಯತ್ಯಾಸ. ಈಗ ಮಾರ್ಚ್ ಕೊನೆಯಲ್ಲೇ ದುಡ್ಡು ರೆಡಿ ಇಟ್ಟುಕೊಂಡು, ಏಪ್ರಿಲ್ ಶುರುವಿನಲ್ಲೇ ಆನ್‌ಲೈನ್‌ನಲ್ಲಿ ಹಾಕುತ್ತೇನೆ.

ತಾರೀಖು ಸರಿ ಇದ್ದರೆ ದರ ನೋಡಿ. ಖಾತೆ ತೆರೆದ ದಿನದ ದರ ಕೊನೆಯವರೆಗೂ ಇರುವುದಿಲ್ಲ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸುತ್ತದೆ. 2020ರ ಏಪ್ರಿಲ್‌ನಿಂದ ಮೂರು ವರ್ಷ 7.6% ಇತ್ತು. 2023ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 8%, 2024ರ ಜನವರಿಯಿಂದ 8.2%. ಹಾಗಾಗಿ 2023-24ಕ್ಕೆ ಒಂದೇ ದರ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಒಂಬತ್ತು ತಿಂಗಳು ಬೇರೆ, ಮೂರು ತಿಂಗಳು ಬೇರೆ. ಇನ್ನೊಂದು ಮಾತು, ಬಡ್ಡಿ ಜಮಾ ಆಗುವುದು ವರ್ಷಕ್ಕೆ ಒಂದೇ ಸಲ, ಮಾರ್ಚ್ ಕೊನೆಗೆ. ನಡುವೆ ಎಂಟ್ರಿ ಹಾಕಿಸಿ "ಬಡ್ಡಿನೇ ಬಂದಿಲ್ಲ" ಅಂತ ಗಾಬರಿ ಆಗಬೇಡಿ.

21 ವರ್ಷ ಕಟ್ಟಬೇಕಿಲ್ಲ. ತೆರೆದ ದಿನದಿಂದ 15 ವರ್ಷ ತುಂಬುವವರೆಗೆ ಮಾತ್ರ ಕಟ್ಟಬಹುದು. ಇದು ಮಗಳ ವಯಸ್ಸಿನ ಲೆಕ್ಕ ಅಲ್ಲ, ಬಹಳ ಜನ ಎಡವುವುದು ಇಲ್ಲೇ. ನಮ್ಮದು 2018ರ ಜೂನ್‌ನಲ್ಲಿ ತೆರೆದದ್ದು, ಕಟ್ಟುವುದು 2033ರ ಜೂನ್‌ಗೆ ಮುಗಿಯುತ್ತದೆ. ಆಮೇಲೆ 2039ರವರೆಗೆ ದುಡ್ಡು ಬಡ್ಡಿ ಸಮೇತ ತಾನೇ ಬೆಳೆಯುತ್ತದೆ. ತೆರೆದ ತಾರೀಖು ಪಾಸ್‌ಬುಕ್‌ನ ಮೊದಲ ಪುಟದಲ್ಲೇ ಇರುತ್ತದೆ. 2015ರ ಸುಮಾರಿಗೆ ತೆರೆದ ಖಾತೆಯಾಗಿ, ಎಲ್ಲಾದರೂ 14 ವರ್ಷ ಅಂತ ಕಂಡರೆ, ಅದು ಹಳೆಯ ನಿಯಮ.

ಕಟ್ಟಿದ ಸಾಲುಗಳನ್ನು ನೋಡುವಾಗ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದು ವರ್ಷ ಅಂತ ಗುರುತು ಹಾಕಿಕೊಳ್ಳಿ. ಒಟ್ಟು ಒಂದೂವರೆ ಲಕ್ಷ ದಾಟಬಾರದು, ದಾಟಿದ್ದಕ್ಕೆ ಬಡ್ಡಿ ಇಲ್ಲ. 250 ರೂಪಾಯಿಯೂ ಕಟ್ಟದ ವರ್ಷ ಇದ್ದರೆ, ಆ ವರ್ಷದ 250ರ ಜೊತೆ 50 ರೂಪಾಯಿ ದಂಡ ಕಟ್ಟಿ ಸರಿ ಮಾಡಿಸಿ. ಅದಕ್ಕೂ 15 ವರ್ಷದ ಒಳಗೇ ಅವಕಾಶ.